ಡಿಸ್ಚಾರ್ಜ್ ಸಮರಿಯಲ್ಲಿ '15 ದಿನ' ಅಂತಿದ್ದರೆ ಮಾತ್ರೆ ಅಲ್ಲಿಗೇ ನಿಲ್ಲಿಸಬೇಕಾ?

ಪ್ರಶ್ನೆ: ಅಪ್ಪನಿಗೆ ಹಾರ್ಟ್ ಅಟ್ಯಾಕ್ ಆಗಿ ಮೈಸೂರಿನಲ್ಲಿ ಸ್ಟೆಂಟ್ ಹಾಕಿದರು. ಸಮರಿ ಆರು ಪುಟ ಇದೆ. ಆದರೂ ವಿರಾಜಪೇಟೆಯ ನಮ್ಮ ಡಾಕ್ಟರು, ಮುಂದೇನು ಮಾಡಬೇಕು ಅಂತ ಇದರಲ್ಲಿ ಗೊತ್ತಾಗ್ತಿಲ್ಲ ಅಂದರು. ಮಾತ್ರೆಗಳ ಪಕ್ಕ '15 ದಿನ' ಅಂತಿದೆ. ಮುಗಿದ ಮೇಲೆ ನಿಲ್ಲಿಸಬಹುದಾ?

ನಿಲ್ಲಿಸಬೇಡಿ. ಆ '15 ದಿನ' ಅಂದರೆ ಮುಂದಿನ ಸಲ ತೋರಿಸಲು ಬರುವವರೆಗೆ ಸಾಕಾಗುವಷ್ಟು ಮಾತ್ರೆ ಅಂತ, ಚಿಕಿತ್ಸೆ ಅಷ್ಟಕ್ಕೇ ಮುಗಿಯಿತು ಅಂತ ಅಲ್ಲ. ಜುಲೈ ಮಳೆಯಲ್ಲಿ ರಸ್ತೆ ಮೇಲೆ ಮರ ಬಿದ್ದು ಮೈಸೂರಿಗೆ ಹೋಗೋದು ಒಂದು ವಾರ ತಡವಾದರೆ, ಸ್ಟ್ರಿಪ್ ಖಾಲಿಯಾದ ದಿನವೇ ಮಾತ್ರೆ ನಿಂತುಹೋಗುತ್ತದೆ. ಹೊಸ ಸ್ಟೆಂಟ್ ಒಳಗೆ ರಕ್ತ ಹೆಪ್ಪುಗಟ್ಟಿ ಮತ್ತೆ ಅಟ್ಯಾಕ್ ಆಗಲು ಅಷ್ಟು ಸಾಕು. ಅದಕ್ಕೇ ಸಮರಿಯಲ್ಲಿ ಹೀಗೆ ಬರೆದಿರಬೇಕು: 'ಆಸ್ಪಿರಿನ್ 75, ದಿನಕ್ಕೊಂದು, ಜೀವನಪೂರ್ತಿ. ಟೈಕಾಗ್ರೆಲರ್ 90, ಬೆಳಗ್ಗೆ ಒಂದು ರಾತ್ರಿ ಒಂದು, ಮುಂದಿನ ವರ್ಷ ಜೂನ್ ಕೊನೆಯವರೆಗೆ. ಹಲ್ಲು ಕೀಳಿಸಬೇಕಾದರೂ ನಮ್ಮನ್ನು ಕೇಳದೆ ನಿಲ್ಲಿಸಬಾರದು.' ಅಟ್ಯಾಕ್ ಆದವರಿಗೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಈ ಜೋಡಿ ಮಾತ್ರೆ ಸಾಮಾನ್ಯವಾಗಿ 12 ತಿಂಗಳು. ರಕ್ತಸ್ರಾವದ ಅಪಾಯ ಜಾಸ್ತಿ ಇರುವವರಿಗೆ ಕಡಿಮೆ ಮಾಡುತ್ತಾರೆ, ಅದನ್ನು ಸ್ಟೆಂಟ್ ಹಾಕಿದವರೇ ತೀರ್ಮಾನಿಸಿ ತಾರೀಖು ಹಾಕಬೇಕು, ಊರಿನ ಡಾಕ್ಟರು ಊಹಿಸೋಕಾಗಲ್ಲ.

ಎರಡನೆಯದು, ಮನೆಯಲ್ಲಿರುವ ಹಳೆಯ ಮಾತ್ರೆಗಳು. ಇದನ್ನು ಬರೆಯೋದೇ ಮರೆಯುತ್ತಾರೆ. ಅಪ್ಪ ಮೊದಲಿನಿಂದ ಬಿಪಿಗೆ ಟೆಲ್ಮಿಸಾರ್ಟನ್ ತಗೊಳ್ಳುತ್ತಿದ್ದಾರೆ ಅಂದುಕೊಳ್ಳಿ, ಆಸ್ಪತ್ರೆಯಲ್ಲಿ ಹೊಸದಾಗಿ ರಾಮಿಪ್ರಿಲ್ ಶುರುಮಾಡಿದರು, ಹಳೆಯದನ್ನು ನಿಲ್ಲಿಸಿ ಅಂತ ಎಲ್ಲೂ ಬರೆದಿಲ್ಲ. ಅವರು ಎರಡನ್ನೂ ನುಂಗುತ್ತಾರೆ. ಎರಡೂ ಹೆಚ್ಚುಕಡಿಮೆ ಒಂದೇ ಕೆಲಸ ಮಾಡುವುದರಿಂದ ಬಿಪಿ ಕುಸಿಯಬಹುದು, ಪೊಟ್ಯಾಸಿಯಂ ಏರಬಹುದು, ಕಿಡ್ನಿಗೆ ಪೆಟ್ಟು ಬೀಳಬಹುದು. ಹೊಸದಾಗಿ ಕೊಟ್ಟಿದ್ದು, ಡೋಸ್ ಬದಲಿಸಿದ್ದು, ನಿಲ್ಲಿಸಿದ್ದು ಅಂತ ಬೇರೆ ಬೇರೆ ಬರೆದು, ಯಾಕೆ ಅಂತ ಪಕ್ಕದಲ್ಲಿ ನಾಲ್ಕು ಪದ ಹಾಕಿದರೆ ಈ ತೊಂದರೆಯೇ ಇಲ್ಲ.

ಇನ್ನು 'ರಿವ್ಯೂ' ಅಂತ ಒಂದೇ ಪದ ಬರೆದರೆ ನಿಮ್ಮ ಡಾಕ್ಟರು ಏನು ಮಾಡಬೇಕು ಹೇಳಿ? ರಾಮಿಪ್ರಿಲ್ ಶುರುವಾದ ಒಂದೆರಡು ವಾರದಲ್ಲಿ ಕಿಡ್ನಿ ಹೇಗಿದೆ ಅಂತ ತೋರಿಸುವ ಕ್ರಿಯೇಟಿನಿನ್, ಜೊತೆಗೆ ಪೊಟ್ಯಾಸಿಯಂ ನೋಡಬೇಕು. ಆ ರಕ್ತಪರೀಕ್ಷೆಗೆ ಮೈಸೂರಿಗೆ ಹೋಗಬೇಕಿಲ್ಲ, ವಿರಾಜಪೇಟೆಯಲ್ಲೇ ಆಗುತ್ತದೆ. ಆದರೆ ಡಿಸ್ಚಾರ್ಜ್ ದಿನದ ಕ್ರಿಯೇಟಿನಿನ್ ಎಷ್ಟಿತ್ತು ಅಂತ ಸಮರಿಯಲ್ಲಿ ಇರಲೇಬೇಕು. ಅವತ್ತು 1.0 ಇದ್ದು ಈಗ 1.2 ಬಂದರೆ ಗಾಬರಿಯಿಲ್ಲ, 1.5 ಬಂದರೆ ಫೋನ್ ಮಾಡಬೇಕು. ಮೊದಲಿನ ಅಂಕಿಯೇ ಇಲ್ಲದಿದ್ದರೆ 1.5 ಏರಿದ್ದೋ ಮೊದಲಿಂದ ಹಾಗೇ ಇತ್ತೋ ಹೇಳೋದು ಹೇಗೆ?

ಎದೆನೋವು ಮತ್ತೆ ಬಂದರೆ ಎಲ್ಲಿಗೆ ಹೋಗಬೇಕು ಅನ್ನೋದೂ ಕನ್ನಡದಲ್ಲಿ ಇರಲಿ. ಕಾರಿನಲ್ಲಿ ಸೀದಾ ಮೈಸೂರಿಗೆ ಹೊರಡಬೇಡಿ, 108ಕ್ಕೆ ಫೋನ್ ಮಾಡಿ, ಇಸಿಜಿ ಇರುವ ಹತ್ತಿರದ ಆಸ್ಪತ್ರೆಗೆ ಮೊದಲು ಹೋಗಿ.

ನಿಮ್ಮ ಸಮರಿಗೆ ಈಗಲೂ ದಾರಿಯಿದೆ. ಮೊದಲ ಪುಟದ ಮೇಲ್ಗಡೆ ಐಪಿ ನಂಬರ್ ಇರುತ್ತದೆ, ಅದನ್ನು ಹೇಳಿ ವಾರ್ಡಿಗೆ ಫೋನ್ ಮಾಡಿ. ಟೈಕಾಗ್ರೆಲರ್ ಯಾವತ್ತಿನವರೆಗೆ, ಹಳೆಯ ಬಿಪಿ ಮಾತ್ರೆ ಬೇಕಾ ಬೇಡ್ವಾ, ಕೊನೆಯ ಕ್ರಿಯೇಟಿನಿನ್ ಎಷ್ಟು ಅಂತ ಕೇಳಿ, ಉತ್ತರ ಬರಹದಲ್ಲೇ ಕಳಿಸಲು ಹೇಳಿ. ಅದು ಬರುವವರೆಗೆ ಮೆಡಿಕಲ್‌ನಿಂದ ಇನ್ನೊಂದು ಸ್ಟ್ರಿಪ್ ತಂದಿಟ್ಟುಕೊಳ್ಳಿ.