ಉಳಿಕೆ ತೋರಿಸಿದರೆ ಆ ಹಣವನ್ನೂ ಕಿತ್ತುಕೊಳ್ತಾರಾ?

ಓದುಗರ ಪ್ರಶ್ನೆ: ಪುಣೆಯಲ್ಲಿ ರಾಜ್ಯ ಸರ್ಕಾರದ ತರಬೇತಿ ಸಂಸ್ಥೆಯೊಂದರಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ಕರೆಂಟು, ನೀರಿನ ಬಿಲ್ಲಿಗೆ ಕೊಟ್ಟ ಅನುದಾನ ಡಿಸೆಂಬರ್ ಹೊತ್ತಿಗೆ ಖಾಲಿಯಾಗುತ್ತದೆ. ಪುರವಣಿ ಮಾಗಣಿಗೆ, ಅಂದರೆ ಹೆಚ್ಚುವರಿ ಅನುದಾನದ ಬೇಡಿಕೆಗೆ, ಟಿಪ್ಪಣಿ ಬರೆಯಿರಿ ಎಂದು ಸಾಹೇಬರು ಹೇಳಿದ್ದಾರೆ. ಅದರಲ್ಲಿ ಬೇರೆ ಬಾಬಿನ ಉಳಿಕೆಯನ್ನೂ ತೋರಿಸಬೇಕಂತೆ. ತೋರಿಸಿದರೆ ಅದನ್ನೂ ಕಿತ್ತುಕೊಳ್ತಾರೆ, ಸುಮ್ನೆ ಬಿಟ್ಟುಬಿಡು ಎನ್ನುತ್ತಾರೆ ಪಕ್ಕದ ಮೇಜಿನವರು. ಏನು ಮಾಡಲಿ?

ಉತ್ತರ: ತೋರಿಸಿ. ಪಕ್ಕದ ಮೇಜಿನವರು ಹೇಳಿದ್ದು ಅರ್ಧ ನಿಜ. ಆ ಹಣ ನಿಮ್ಮ ಕೈಬಿಟ್ಟು ಹೋಗುತ್ತದೆ. ಆದರೆ ಅದು ಹೇಗೂ ಮಾರ್ಚ್ 31ಕ್ಕೆ ಲ್ಯಾಪ್ಸ್ ಆಗುವ ಹಣ. ಅದನ್ನು ಮುಚ್ಚಿಟ್ಟು ಹೆಚ್ಚಿಗೆ ಕೇಳಿದರೆ, ಅನುದಾನ ಹಂಚಿ ಖರ್ಚಿನ ಲೆಕ್ಕ ಇಡುವ ಸರ್ಕಾರದ ಆನ್‌ಲೈನ್ ವ್ಯವಸ್ಥೆ ಬೀಮ್ಸ್‌ನಲ್ಲಿ ನಿಮ್ಮ ಖರ್ಚು ನೋಡುವವರಿಗೆ ಎರಡೇ ನಿಮಿಷದಲ್ಲಿ ಗೊತ್ತಾಗುತ್ತದೆ. ಆಮೇಲೆ ಇಡೀ ಟಿಪ್ಪಣಿಯ ಮೇಲೇ ಅನುಮಾನ.

ನಮ್ಮ ಕನ್ನಡದಲ್ಲಿ ಪುರವಣಿ ಎಂದರೆ ಭಾನುವಾರದ ಪೇಪರ್ ಜೊತೆ ಬರುವ ಹೆಚ್ಚುವರಿ ಹಾಳೆ. ಮುಂಬೈಯ ಮಂತ್ರಾಲಯದಲ್ಲಿ, ಅಂದರೆ ಮಹಾರಾಷ್ಟ್ರ ಸರ್ಕಾರದ ಸಚಿವಾಲಯದಲ್ಲಿ, ಇದೇ ಪದಕ್ಕೆ ಬಜೆಟ್ಟಿನ ಅರ್ಥ. ವರ್ಷದ ನಡುವೆ ಮಂಜೂರಾದ ಹಣ ಸಾಲದೆ ಹೋದರೆ, ಅಥವಾ ಬಜೆಟ್ಟಿನಲ್ಲಿ ಇಲ್ಲದ ಹೊಸ ಕೆಲಸ ಬಂದರೆ, ವಿಧಾನಮಂಡಲದ ಮುಂದೆ ಮತ್ತೆ ಹೋಗಬೇಕು ಎಂದು ಸಂವಿಧಾನದ 205ನೇ ವಿಧಿ ಹೇಳುತ್ತದೆ. ಅಂದರೆ ನಿಮ್ಮ ಎರಡು ಪುಟದ ಟಿಪ್ಪಣಿ ಕೊನೆಗೆ ಸದನದ ಮೇಜಿನವರೆಗೂ ಹೋಗಬಹುದು. ಹಾಗಾಗಿ ಅಲ್ಲಿಯವರೆಗೆ ಹೋಗದೇ ಕೆಲಸ ಆಗುತ್ತದಾ ಎಂದು ಮೊದಲು ನೋಡುತ್ತಾರೆ. ಉಳಿಕೆ ಕೇಳುವುದು ಅದಕ್ಕೇ.

ನಿಮ್ಮಂಥ ಕಚೇರಿಯ ಲೆಕ್ಕವನ್ನೇ ಮಾಡಿ ನೋಡೋಣ. ಅಂಕಿಗಳು ನಾನು ಹಾಕಿಕೊಂಡವು. ವರ್ಷಕ್ಕೆ ಕರೆಂಟು, ನೀರಿಗೆ 60 ಲಕ್ಷ. ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ 37 ಲಕ್ಷ ಖರ್ಚಾಗಿದೆ. ಬಹಳಷ್ಟು ಜನ ಇದನ್ನು ಎರಡರಿಂದ ಗುಣಿಸುತ್ತಾರೆ. 74 ಲಕ್ಷ ಬೇಕು, ಕೊರತೆ 14 ಲಕ್ಷ ಎಂದು ಬರೆದು ಕೈತೊಳೆದುಕೊಳ್ಳುತ್ತಾರೆ.

ಬಿಲ್ಲುಗಳನ್ನು ಒಂದೊಂದಾಗಿ ತೆಗೆದು ನೋಡಿದರೆ ಕಥೆ ಬೇರೆ. ಏಪ್ರಿಲ್‌ನಿಂದ ಜುಲೈವರೆಗೆ ತಿಂಗಳಿಗೆ 5 ಲಕ್ಷ. ಏಪ್ರಿಲ್‌ನಲ್ಲಿ ಕಳೆದ ವರ್ಷದ ಬಾಕಿ 3 ಲಕ್ಷ ಬೇರೆ ಕಟ್ಟಿದ್ದಾರೆ, ಅದು ಮತ್ತೆ ಬರುವುದಿಲ್ಲ. ಆಗಸ್ಟ್‌ನಿಂದ ಹೊಸ ಹಾಸ್ಟೆಲ್ ಕಟ್ಟಡದ ಬಿಲ್ ಸೇರಿ ತಿಂಗಳಿಗೆ 7 ಲಕ್ಷ. ಉಳಿದ ಆರು ತಿಂಗಳೂ 7 ಲಕ್ಷದಂತೆ ಹಿಡಿದರೆ 42 ಲಕ್ಷ. 37ಕ್ಕೆ ಸೇರಿಸಿದರೆ 79. ಕೊರತೆ 14 ಅಲ್ಲ, 19 ಲಕ್ಷ. ಗುಣಾಕಾರ ಮಾಡಿ 14 ಕೇಳಿದವರು ಮಾರ್ಚ್‌ನಲ್ಲಿ ಮತ್ತೆ ತಲೆ ಮೇಲೆ ಕೈ ಹೊತ್ತು ಕೂರಬೇಕು.

ಇಲ್ಲಿ ಇನ್ನೊಂದು ತಪ್ಪು ಆಗುತ್ತದೆ. ಮಾರ್ಚ್ ತಿಂಗಳ ಬಳಕೆಯ ಬಿಲ್ಲನ್ನೂ ಸೇರಿಸಿ ಏಳು ಬಿಲ್ ಎಣಿಸುತ್ತಾರೆ. ಸರ್ಕಾರದ ಲೆಕ್ಕ ನಡೆಯುವುದು ಹಣ ಪಾವತಿಯಾದ ದಿನದ ಮೇಲೆ. ಮಾರ್ಚ್‌ನ ಬಿಲ್ ಏಪ್ರಿಲ್‌ನಲ್ಲಿ ಕಟ್ಟುವುದಾದರೆ ಅದು ಮುಂದಿನ ವರ್ಷದ ಖರ್ಚು. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಈ ಏಳನೇ ಬಿಲ್ಲನ್ನು ಸೇರಿಸಿದ್ದೆ. ಫೆಬ್ರವರಿ ಕೊನೆಗೆ ಅಷ್ಟೂ ಹಣವನ್ನು ನಾನೇ ಸಮರ್ಪಣೆ ಪತ್ರ ಬರೆದು ವಾಪಸ್ ಕಳಿಸಬೇಕಾಯಿತು. ಕೇಳಿ ತಂದಿದ್ದೂ ನಾನೇ, ಬೇಡವೆಂದಿದ್ದೂ ನಾನೇ!

ಈಗ ಉಳಿಕೆಗೆ ಬರೋಣ. ಸೆಕ್ಯೂರಿಟಿ ಗುತ್ತಿಗೆಗೆ ತಿಂಗಳಿಗೆ 3 ಲಕ್ಷದಂತೆ 36 ಲಕ್ಷ ಇತ್ತು. ಟೆಂಡರ್ ತಡವಾಗಿ ಕೆಲಸ ಶುರುವಾಗಿದ್ದು ಜೂನ್‌ನಲ್ಲಿ. ಎರಡು ತಿಂಗಳ 6 ಲಕ್ಷ ಉಳಿದಿದೆ, ಇದು ಖಚಿತ ಉಳಿಕೆ. ಪ್ರಯಾಣ ಭತ್ಯೆಯ 4 ಲಕ್ಷದಲ್ಲಿ ಇನ್ನೂ ಮೂರೂವರೆ ಲಕ್ಷ ಹಾಗೇ ಇದೆ ಎಂದುಕೊಳ್ಳಿ. ಆದರೆ ಜನವರಿಯಲ್ಲಿ ಕ್ಷೇತ್ರ ಪ್ರವಾಸ ಇದೆ. ಇದು ಉಳಿಕೆಯಲ್ಲ, ಇನ್ನೂ ಖರ್ಚಾಗದ ಹಣ, ಅಷ್ಟೇ. ಟಿಪ್ಪಣಿಯಲ್ಲಿ ಈ ವ್ಯತ್ಯಾಸವನ್ನು ಒಂದು ಸಾಲಿನಲ್ಲಿ ಹೇಳಿಬಿಡಿ. ಇಲ್ಲದಿದ್ದರೆ ಅವರೇ ಅದನ್ನು ಉಳಿಕೆ ಎಂದು ಕಳೆದುಬಿಡುತ್ತಾರೆ. ಖಾಲಿ ಹುದ್ದೆಗಳಿಂದ ಉಳಿಯುವ ಸಂಬಳದ ಹಣವನ್ನು ಬೇರೆಯಾಗಿಯೇ ತೋರಿಸಿ. ಅದನ್ನು ಬೇರೆ ಬಾಬಿಗೆ ತಿರುಗಿಸಲು ಹಣಕಾಸು ಇಲಾಖೆ ಸುಲಭವಾಗಿ ಒಪ್ಪುವುದಿಲ್ಲ.

19ರಲ್ಲಿ 6 ಕಳೆದರೆ 13 ಲಕ್ಷ. ನೀವು ಕೇಳಬೇಕಾದ್ದು ಇಷ್ಟು. ಸೆಕ್ಯೂರಿಟಿಯ ಬಾಬು ನಿಮ್ಮ ಕರೆಂಟಿನ ಬಾಬು ಇರುವ ಬೇಡಿಕೆ ಸಂಖ್ಯೆಯಲ್ಲೇ, ಅಂದರೆ ಸದನ ಒಟ್ಟಿಗೆ ಮತ ಹಾಕುವ ಬಜೆಟ್ ಗುಂಪಿನಲ್ಲೇ, ಇರಬೇಕು ಎಂಬುದನ್ನು ಮಾತ್ರ ಖಾತ್ರಿ ಮಾಡಿಕೊಳ್ಳಿ. ಒಂದು ಬೇಡಿಕೆಯ ಉಳಿಕೆ ಇನ್ನೊಂದು ಬೇಡಿಕೆಗೆ ದಾಟುವುದಿಲ್ಲ. ದಿನನಿತ್ಯದ ಖರ್ಚಿನ ರೆವಿನ್ಯೂ ಹಣವೂ ಕಟ್ಟಡದಂಥ ಆಸ್ತಿ ಮಾಡುವ ಕ್ಯಾಪಿಟಲ್‌ಗೆ ಹೋಗುವುದಿಲ್ಲ.

ಕಾರಣ ಬರೆಯುವಾಗ "ಖರ್ಚು ಜಾಸ್ತಿಯಾದ ಕಾರಣ ಅನುದಾನ ಸಾಲುತ್ತಿಲ್ಲ" ಎಂದು ಬರೆದರೆ ಅದು ಕಾರಣವೇ ಅಲ್ಲ. ಓದುವವರ ತಲೆಯಲ್ಲಿ ಇರುವ ಪ್ರಶ್ನೆ ಒಂದೇ: ಬಜೆಟ್ ಕೇಳುವಾಗ ಇದು ನಿಮಗೆ ಗೊತ್ತಿರಲಿಲ್ವಾ? ಅದಕ್ಕೆ ಉತ್ತರ ಹೀಗಿರಬಹುದು (ನೀವು ಮರಾಠಿಯಲ್ಲೇ ಬರೆಯುತ್ತೀರಿ ಬಿಡಿ): "ಹೊಸ ಹಾಸ್ಟೆಲ್ ಕಟ್ಟಡ ಮುಂದಿನ ವರ್ಷ ಕೈಗೆ ಬರುವುದಿತ್ತು. ಅದಕ್ಕಾಗಿ ಈ ವರ್ಷದ ಅಂದಾಜಿನಲ್ಲಿ ಸೇರಿಸಿರಲಿಲ್ಲ. ಕಟ್ಟಡ ಜುಲೈ ಕೊನೆಗೆ ಹಸ್ತಾಂತರವಾಯಿತು. ಆಗಸ್ಟ್‌ನಿಂದ ತಿಂಗಳಿಗೆ 2 ಲಕ್ಷ ಹೆಚ್ಚುವರಿ ಖರ್ಚು ಬರುತ್ತಿದೆ." ಹಸ್ತಾಂತರ ಪತ್ರ ಮತ್ತು ಆಗಸ್ಟ್, ಸೆಪ್ಟೆಂಬರ್ ಬಿಲ್ಲುಗಳನ್ನು ಲಗತ್ತಿಸಿ.

ಟಿಪ್ಪಣಿ ಮೊದಲು ಹೋಗುವುದು ನಿಮ್ಮ ನಿಯಂತ್ರಣ ಅಧಿಕಾರಿಗೆ. ಅದೇ ಬಾಬಿನಲ್ಲಿ ಬೇರೆ ಜಿಲ್ಲೆಯ ಕಚೇರಿಯ ಹಣ ಉಳಿದಿದ್ದರೆ ಅವರು ಅದನ್ನೇ ನಿಮಗೆ ಹಂಚಬಹುದು. ಆಗ ವಿಷಯ ಅಲ್ಲಿಗೇ ಮುಗಿಯಿತು. ಇಲ್ಲದಿದ್ದರೆ ಬಾಬಿನಿಂದ ಬಾಬಿಗೆ ಮರುಹಂಚಿಕೆ ಸಾಧ್ಯವೇ ಎಂದು ನೋಡುತ್ತಾರೆ. ಅದೂ ಸಾಲದಿದ್ದರೆ ಮಾತ್ರ ಮಂತ್ರಾಲಯದ ಆಡಳಿತ ಇಲಾಖೆ, ಅಲ್ಲಿಂದ ಹಣಕಾಸು ಇಲಾಖೆ. ಅವರು ಒಪ್ಪಿದರೆ ಪುರವಣಿ ಮಾಗಣಿಗಳ ಪುಸ್ತಕದಲ್ಲಿ ಸೇರುತ್ತದೆ. ವಿಧಾನಸಭೆ ಮತ ಹಾಕಿ, ವಿನಿಯೋಗ ಮಸೂದೆ ಪಾಸಾಗಿ, ರಾಜ್ಯಪಾಲರ ಸಹಿ ಬಿದ್ದು, ಬೀಮ್ಸ್‌ನಲ್ಲಿ ನಿಮ್ಮ ಹೆಸರಿಗೆ ಬಂದ ಮೇಲೇ ಖರ್ಚು.

ಹೊಸ ಕೆಲಸವಾದರೆ ಮಾತ್ರ ದಾರಿ ಬೇರೆ. ಬಜೆಟ್ಟಿನಲ್ಲಿ ಹೆಸರೇ ಇಲ್ಲದ ಹೊಸ ಯೋಜನೆಗೆ ಪೂರ್ತಿ ಹಣ ಉಳಿಕೆಯಿಂದಲೇ ಸಿಕ್ಕರೂ ಸದನದ ಒಪ್ಪಿಗೆ ಬೇಕು. ಅದಕ್ಕೆ ಸಾವಿರ ರೂಪಾಯಿಯಂಥ ಸಣ್ಣ ಮೊತ್ತದ ಲಾಕ್ಷಣಿಕ ಮಾಗಣಿ ಇಡುತ್ತಾರೆ. ನಿಮ್ಮ ಕರೆಂಟ್ ಬಿಲ್ಲಿಗೆ ಅದು ಬೇಕಿಲ್ಲ. ಆಕಸ್ಮಿಕ ನಿಧಿಯಿಂದ ಮುಂಗಡ ಕೇಳೋಣ ಎಂದು ಯಾರಾದರೂ ಹೇಳಿದರೆ ಕಿವಿಗೊಡಬೇಡಿ. ಅದು ಮುಂಚೆ ಯಾರೂ ಊಹಿಸದ, ತಡೆಯಲಾಗದ ಖರ್ಚಿಗೆ. ಪ್ರತಿ ತಿಂಗಳು ಬರುವ ಬಿಲ್ ಆ ಪಟ್ಟಿಗೆ ಸೇರುವುದಿಲ್ಲ.

ಕಾಲದ ಲೆಕ್ಕವೂ ಮುಖ್ಯ. ಚಳಿಗಾಲದ ಅಧಿವೇಶನ ನಾಗಪುರದಲ್ಲಿ ಸಾಮಾನ್ಯವಾಗಿ ಡಿಸೆಂಬರ್‌ನಲ್ಲಿ ನಡೆಯುತ್ತದೆ. ಅದಕ್ಕೆ ಮುಂಚೆ ಎಷ್ಟೋ ಮೇಜು ದಾಟಬೇಕು, ಹಾಗಾಗಿ ಸೆಪ್ಟೆಂಬರ್ ಬಿಲ್ ಕೈಗೆ ಬಂದ ವಾರವೇ ಟಿಪ್ಪಣಿ ನಿಮ್ಮ ಕಚೇರಿಯಿಂದ ಹೊರಡಲಿ. ಅದು ತಪ್ಪಿದರೆ ಮುಂದಿನದು ಬಜೆಟ್ ಅಧಿವೇಶನ. ಆಗ ಹಣ ಬಂದರೂ ಮಾರ್ಚ್ 31ಕ್ಕೆ ಕೆಲವೇ ದಿನ ಉಳಿದಿರುತ್ತದೆ, ಟ್ರೆಜರಿಯಲ್ಲಿ ಬಿಲ್ಲುಗಳ ಗುಡ್ಡ ಬೇರೆ. ಡಿಸೆಂಬರ್, ಜನವರಿಯಲ್ಲಿ ಫ್ಯಾನ್ ನಿಂತು ಬಿಲ್ 7 ಲಕ್ಷಕ್ಕಿಂತ ಕೆಳಗೆ ಬಂದರೆ, ಆ ವ್ಯತ್ಯಾಸವನ್ನು ಫೆಬ್ರವರಿಯಲ್ಲೇ ಬರೆದು ತಿಳಿಸಿ. ಮೂಲ ಅನುದಾನದ 60 ಲಕ್ಷವೇ ಪೂರ್ತಿ ಮುಟ್ಟದೆ ಪುರವಣಿಯಲ್ಲಿ 13 ತಂದಿದ್ದು ಕಂಡರೆ, ಸಿಎಜಿಯವರು ಅದನ್ನು ಅನಗತ್ಯ ಪುರವಣಿ ಎಂದು ಬರೆಯುತ್ತಾರೆ. ಆಗ ವಿವರಣೆ ಕೇಳಿಕೊಂಡು ಕಾಗದ ಬರುವುದು ಪಕ್ಕದ ಮೇಜಿಗಲ್ಲ, ನಿಮ್ಮ ಮೇಜಿಗೇ.