ಎದೆಹಾಲು ಬಿಡಿಸುವಾಗ ಯಾವ ಹೊತ್ತಿನದು ಮೊದಲು?

"ಇನ್ನು ಎದೆಹಾಲು ಬಿಡಿಸಬೇಕು" ಅಂತ ತೀರ್ಮಾನಿಸಿದ ತಾಯಂದಿರಲ್ಲಿ ಹಲವರು ಮೊದಲು ನಡುರಾತ್ರಿಯ ಹಾಲನ್ನೇ ನಿಲ್ಲಿಸಲು ಹೊರಡುತ್ತಾರೆ. ತಿಂಗಳುಗಟ್ಟಲೆ ನಿದ್ದೆಗೆಟ್ಟವರಿಗೆ ಹಾಗನ್ನಿಸುವುದು ಸಹಜವೇ. ಆದರೆ ಮಗುವಿಗೆ ಬಿಡಲು ತುಂಬಾ ಕಷ್ಟವಾಗುವುದು ಅದನ್ನೇ. ಮೂರು ರಾತ್ರಿ ಇಬ್ಬರೂ ಅತ್ತು, ನಾಲ್ಕನೇ ರಾತ್ರಿ ಮತ್ತೆ ಹಾಲು ಕೊಟ್ಟು, "ನಮ್ಮ ಮಗು ಬಿಡೋದೇ ಇಲ್ಲ" ಅಂತ ಕೈಚೆಲ್ಲಿ ಬರುವವರನ್ನು ನಾನು ಮತ್ತೆ ಮತ್ತೆ ನೋಡುತ್ತೇನೆ.

ನಾನು ಇಲ್ಲಿ ಹೇಳುತ್ತಿರುವುದು ಒಂದು ವರ್ಷ ದಾಟಿದ, ಊಟ ಮಾಡುವ ಮಕ್ಕಳ ಬಗ್ಗೆ. ಎರಡು ವರ್ಷ ಮತ್ತು ಅದಕ್ಕೂ ಮುಂದೆ ಎದೆಹಾಲು ಕೊಡಬಹುದು ಅನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಹಾಗಾಗಿ ಯಾರೋ ಹೇಳಿದರು ಅಂತ ಬಿಡಿಸಬೇಕಿಲ್ಲ. ನಿಮಗೆ ಬೇಕು ಅನ್ನಿಸಿದ್ದರೆ ಮುಂದೆ ಓದಿ.

ಮೊದಲು ಎರಡು ದಿನ ಏನನ್ನೂ ಬದಲಿಸಬೇಡಿ, ಸುಮ್ನೆ ಬರೆದಿಡಿ. ಮಗು ಎಷ್ಟು ಹೊತ್ತಿಗೆ ಹಾಲು ಕೇಳಿತು, ಅದಕ್ಕೆ ಮುಂಚೆ ಏನು ಮಾಡುತ್ತಿತ್ತು, ಗಟಗಟ ನುಂಗಿತಾ ಇಲ್ಲ ಬರೀ ಚೀಪುತ್ತಾ ಮಲಗಿತಾ? ಇಷ್ಟು ಸಾಕು. ಹಸಿವು, ಬೇಜಾರು, ನಿದ್ದೆ, ಭಯ, ಹೀಗೆ ಒಂದೊಂದು ಹೊತ್ತಿನ ಹಾಲು ಒಂದೊಂದು ಕೆಲಸ ಮಾಡುತ್ತಿರುತ್ತದೆ. ಆ ಕೆಲಸಕ್ಕೆ ಬೇರೆ ಏರ್ಪಾಡು ಮಾಡಿದ ಮೇಲೆ ಹಾಲು ನಿಲ್ಲಿಸಿದರೆ ಮಗು ಬಹಳ ಮಟ್ಟಿಗೆ ಒಪ್ಪಿಕೊಳ್ಳುತ್ತದೆ. ಏರ್ಪಾಡಿಲ್ಲದೆ ನಿಲ್ಲಿಸಿದರೆ ಜಗಳ.

ಒಬ್ಬ ತಾಯಿಯ ಪಟ್ಟಿ ನೋಡೋಣ. ಮಗುವಿಗೆ 20 ತಿಂಗಳು, ದಿನಕ್ಕೆ ಆರು ಸಲ ಹಾಲು. ಬೆಳಿಗ್ಗೆ ಎದ್ದಾಗ, 11 ಗಂಟೆಗೆ, ಮಧ್ಯಾಹ್ನ ಮಲಗುವ ಮುಂಚೆ, ಸಂಜೆ 5ಕ್ಕೆ, ರಾತ್ರಿ ಮಲಗುವಾಗ, ಮತ್ತೆ 2 ಗಂಟೆಗೆ. 11ರದ್ದು ಬರೀ ಬೇಜಾರಿನದು. ಅಮ್ಮ ಸೋಫಾದಲ್ಲಿ ಕೂತ ಕೂಡಲೇ ಮಗು ಓಡಿಬಂದು ಬಟ್ಟೆ ಎಳೆಯುತ್ತಿತ್ತು, ಎರಡು ನಿಮಿಷ ಕುಡಿದು ಇಳಿದು ಹೋಗುತ್ತಿತ್ತು. ಇದೇ ಮೊದಲು ಹೋಗಬೇಕಾದದ್ದು. ಆ ಹೊತ್ತಿಗೆ ಅಮ್ಮ ಸೋಫಾದ ಹತ್ತಿರವೇ ಹೋಗಲಿಲ್ಲ, ಮಗುವನ್ನು ಕರೆದುಕೊಂಡು ಹೊರಗೆ ಹೊರಟಳು. ಕೇಳಲಿಲ್ಲವೆಂದರೆ ಕೊಡುವುದಿಲ್ಲ, ಹಟ ಹಿಡಿದು ಕೇಳಿದರೆ ಇಲ್ಲ ಅನ್ನುವುದಿಲ್ಲ. ಆ ವಾರದ ನಿಯಮ ಇಷ್ಟೇ.

ಎರಡನೆಯದು ಸಂಜೆ 5ರದ್ದು. ಅದು ಹಸಿವಿನದು, ಮಧ್ಯಾಹ್ನದ ಊಟವಾಗಿ ತುಂಬಾ ಹೊತ್ತಾಗಿರುತ್ತಿತ್ತು. 5ಕ್ಕೆ ಅಳು ಶುರುವಾದ ಮೇಲೆ ತಟ್ಟೆ ಹಿಡಿದರೆ ಮಗು ತಳ್ಳುತ್ತದೆ. ನಾಲ್ಕೂವರೆಗೇ ತಿಂಡಿ ಕೊಟ್ಟಾಗ 5ಕ್ಕೆ ಹಾಲಿನ ನೆನಪು ಬಂದರೂ ಗಲಾಟೆ ಇರಲಿಲ್ಲ.

ಒಂದು ಹೊತ್ತು ನಿಲ್ಲಿಸಿದ ಮೇಲೆ ಮುಂದಿನದಕ್ಕೆ ಕೈ ಹಾಕುವ ಮೊದಲು 5ರಿಂದ 7 ದಿನ ಬಿಡಿ. ಇದು ಮಗುವಿಗೆ ಬೇಕು, ನಿಮ್ಮ ಮೈಗೂ ಬೇಕು. ಎದೆಯಲ್ಲಿ ಹಾಲು ಉಳಿದರೆ ಹೊಸ ಹಾಲು ಬರುವುದು ತಾನಾಗಿ ಕಡಿಮೆಯಾಗುತ್ತದೆ, ಆದರೆ ಅದಕ್ಕೆ ಸಮಯ ಹಿಡಿಯುತ್ತದೆ. ಒಮ್ಮೆಲೇ ನಿಲ್ಲಿಸಿದರೆ ಹಾಲು ಕಟ್ಟಿಕೊಂಡು ಗಂಟಾಗುತ್ತದೆ, ಉರಿಯೂತವೂ ಆಗಬಹುದು. ಭಾರ ಅನ್ನಿಸಿದರೆ ಕೈಯಿಂದ ಸ್ವಲ್ಪವೇ ಹಿಂಡಿ, ನೋವು ಇಳಿಯುವಷ್ಟು ಸಾಕು. ಪೂರ್ತಿ ಖಾಲಿ ಮಾಡಿದರೆ ಮತ್ತೆ ಅಷ್ಟೇ ಹಾಲು ತಯಾರಾಗುತ್ತದೆ. ತಣ್ಣನೆಯ ಬಟ್ಟೆ ಇಟ್ಟುಕೊಂಡರೆ ಹಿತ. ಒಂದು ಕಡೆ ಕೆಂಪಾಗಿ, ಬಿಸಿಯಾಗಿ, ಜ್ವರ ಬಂದರೆ ಕಾಯಬೇಡಿ, ಅಂದೇ ವೈದ್ಯರಿಗೆ ತೋರಿಸಿ. ಅಲ್ಲಿಯವರೆಗೆ ಆ ಕಡೆಯಿಂದ ಹಾಲು ಕೊಡುವುದನ್ನು ದಿಢೀರನೆ ನಿಲ್ಲಿಸಬಾರದು.

ಇನ್ನು ನಿದ್ದೆಗೆ ಅಂಟಿಕೊಂಡ ಹೊತ್ತುಗಳು. ತಾಳ್ಮೆ ಬೇಕಾದದ್ದು ಇಲ್ಲಿ. ನಾನು ಹಾಲನ್ನು ಕೀಳುವ ಮೊದಲು ಹಾಲಿಗೂ ನಿದ್ದೆಗೂ ಇರುವ ನಂಟನ್ನು ಸಡಿಲಿಸಲು ಹೇಳುತ್ತೇನೆ. ಮಗು ಹಾಲು ಕುಡಿಯುತ್ತಲೇ ನಿದ್ದೆ ಹೋಗುತ್ತಿದ್ದರೆ, ನಡುರಾತ್ರಿ ಎಚ್ಚರವಾದಾಗ ಮತ್ತೆ ಮಲಗಲು ಅದೇ ಬೇಕಾಗುತ್ತದೆ. ಅದಕ್ಕೆ ರಾತ್ರಿಯ ಹಾಲನ್ನು ಹಾಗೇ ಉಳಿಸಿಕೊಂಡು ಅದರ ಜಾಗ ಮಾತ್ರ ಬದಲಿಸಿ. ಮೊದಲು ಹಾಲು, ಬೆಳಕಿರುವ ಕೋಣೆಯಲ್ಲಿ. ಆಮೇಲೆ ಹಲ್ಲುಜ್ಜುವುದು, ಕಥೆ, ದೀಪ ಆರಿಸಿ ಬೆನ್ನು ತಟ್ಟುವುದು. ಹಲ್ಲಿಗೂ ಇದೇ ಒಳ್ಳೆಯದು.

ಈ ತಾಯಿ ಇದನ್ನು ಮಧ್ಯಾಹ್ನದ ನಿದ್ದೆಯಲ್ಲಿ ಮೊದಲು ಮಾಡಿದಳು. ಹಾಲನ್ನು ದಿನದಿನಕ್ಕೆ ಸ್ವಲ್ಪ ಮೊಟಕು ಮಾಡುತ್ತಾ, ತಟ್ಟುವುದನ್ನು ಉದ್ದ ಮಾಡುತ್ತಾ ಹೋದಳು. ನಡುವೆ ಮಗುವಿಗೆ ಜ್ವರ ಬಂತು. ಅಲ್ಲಿಗೇ ನಿಲ್ಲಿಸಲು ಹೇಳಿದೆ. ಬಿಡಿಸಿದ್ದನ್ನು ಬಿಟ್ಟು ಉಳಿದದ್ದು ಹಾಗೇ ಇರಲಿ, ತೀರಾ ಬೇಕೆಂದರೆ ಬಿಡಿಸಿದ್ದನ್ನೂ ಕೊಡಲಿ ಅಂದೆ. ಹುಷಾರಾದ ಮೇಲೆ ಅಲ್ಲಿಂದಲೇ ಮುಂದುವರಿಸಿದಳು. ಹೊಸ ಮನೆ, ಹೊಸ ಡೇ ಕೇರ್, ಹೊಸ ಪಾಪು ಬರುವ ಸಮಯದಲ್ಲೂ ಶುರು ಮಾಡಬೇಡಿ.

ರಾತ್ರಿ ಮಲಗುವಾಗ ಹಾಲಿಲ್ಲದೆ ನಿದ್ದೆ ಹೋಗುವುದು ರೂಢಿಯಾದ ಮೇಲೆ 2 ಗಂಟೆಯದನ್ನು ಹಿಡಿದೆವು. ಆ ಹೊತ್ತಿಗೆ ಅಪ್ಪ ಹೋಗುವುದು ಸುಲಭ, ಯಾಕೆಂದರೆ ಅಪ್ಪನ ಹತ್ತಿರ ಹಾಲಿನ ವಾಸನೆ ಇರುವುದಿಲ್ಲ. ಆದರೆ ಮೊದಲ ರಾತ್ರಿಯೇ ಅಪ್ಪನನ್ನು ಕಳಿಸಿದರೆ ಆಗದು. ಅದಕ್ಕೂ ಮುಂಚೆ ಒಂದು ವಾರ ಸಂಜೆ ಮಲಗಿಸುವ ಕೆಲಸವನ್ನು ಅವರೇ ಮಾಡಿರಬೇಕು. ಆಮೇಲೆ ಬೆಳಗಿನದು: ಎದ್ದ ಕೂಡಲೇ ಅಪ್ಪ ಎತ್ತಿಕೊಂಡು ನೇರ ತಿಂಡಿಗೆ. ಮಲಗುವ ಮುಂಚಿನದನ್ನು ಕೊನೆಗೆ ಉಳಿಸಿಕೊಂಡೆವು.

ಈಗ ಅಳು. ಮಗು ಅಳುವುದೇ ಇಲ್ಲ ಅಂತ ಹೇಳಿದರೆ ಸುಳ್ಳಾಗುತ್ತದೆ. ಒಂಟಿಯಾಗಿ ಅಳುವುದು ಬೇರೆ, ತೋಳಿನಲ್ಲಿ ಅಳುವುದು ಬೇರೆ. ಎತ್ತಿಕೊಳ್ಳಿ, ಆದರೆ ಹಾಲು ಕೊಡುವಾಗ ಹಿಡಿದಂತೆ ಅಡ್ಡಲಾಗಿ ಅಲ್ಲ. ಹೆಗಲಿಗೆ ಒರಗಿಸಿ, ಇಲ್ಲ ಮಗುವಿನ ಬೆನ್ನು ನಿಮ್ಮ ಎದೆಗೆ ತಾಗುವಂತೆ ಕೂರಿಸಿಕೊಳ್ಳಿ. ಕೂತಲ್ಲೇ ಕೂರದೆ ಎದ್ದು ಓಡಾಡಿ. ಮಾತು ಚಿಕ್ಕದಿರಲಿ: "ಹಾಲು ಬೇಕಾ ಪುಟ್ಟಾ? ಗೊತ್ತು. ಹಾಲು ರಾತ್ರಿ. ಈಗ ಅಮ್ಮ ತಬ್ಬಿಕೊಳ್ತೀನಿ, ಬಾ." ಹಾಲು ಖಾಲಿಯಾಯ್ತು ಅಂತ ಹೇಳಬೇಡಿ. ರಾತ್ರಿ ಮತ್ತೆ ಕೊಟ್ಟಾಗ ಮಗುವಿಗೆ ಗೊಂದಲವಾಗುತ್ತದೆ, ಅಲ್ವಾ?

ಇನ್ನೊಂದು ಮಾತು ಒತ್ತಿ ಹೇಳುತ್ತೇನೆ. ಕೊಡುವುದಾದರೆ ಕೇಳಿದ ಮೊದಲ ನಿಮಿಷದಲ್ಲೇ ಕೊಡಿ. ಅರ್ಧ ಗಂಟೆ ಅಳಿಸಿ ಆಮೇಲೆ ಕೊಟ್ಟರೆ, ಅಷ್ಟು ಹೊತ್ತು ಅತ್ತರೆ ಸಿಗುತ್ತದೆ ಅನ್ನುವುದನ್ನೇ ಮಗು ಕಲಿಯುತ್ತದೆ.

ವೇಗ ಜಾಸ್ತಿಯಾಗಿದೆ ಅಂತ ಮಗುವೇ ತೋರಿಸುತ್ತದೆ. ಮೊದಲಿಗಿಂತ ಹೆಚ್ಚು ಸಲ ರಾತ್ರಿ ಏಳುತ್ತದೆ, ಹಗಲೆಲ್ಲ ಸೆರಗು ಬಿಡುವುದಿಲ್ಲ, ಕಚ್ಚುತ್ತದೆ, ಊಟ ಬೇಡ ಅನ್ನುತ್ತದೆ. ಹೀಗೆ ನಾಲ್ಕೈದು ದಿನ ನಡೆದರೆ ಕೊನೆಯದಾಗಿ ನಿಲ್ಲಿಸಿದ ಹೊತ್ತನ್ನು ವಾಪಸ್ ಕೊಡಿ, ಎರಡು ವಾರ ಬಿಟ್ಟು ನೋಡಿ. ಎದೆಹಾಲಿನ ಬದಲಿಗೆ ಬಾಟಲಿ ಹಿಡಿಸಬೇಡಿ, ಆಮೇಲೆ ಅದನ್ನೂ ಬಿಡಿಸಬೇಕಾಗುತ್ತದೆ. ಲೋಟದಲ್ಲಿ ಹಸುವಿನ ಹಾಲು ಕೊಡಬಹುದು, ಆದರೆ ದಿನಕ್ಕೆ ಸುಮಾರು 500 ಮಿ.ಲೀ. ದಾಟದಿರಲಿ. ಅದಕ್ಕಿಂತ ಹೆಚ್ಚಾದರೆ ಊಟದ ಹಸಿವು ಸಾಯುತ್ತದೆ, ಕಬ್ಬಿಣದ ಅಂಶ ಕಡಿಮೆಯಾಗುತ್ತದೆ.

ಈ ಮನೆಯಲ್ಲಿ ಎಲ್ಲ ಮುಗಿಯಲು ಎರಡು ತಿಂಗಳ ಮೇಲಾಯಿತು. ಕೊನೆಯ ಹಾಲನ್ನು ಎಣಿಸಿ ನಿಲ್ಲಿಸಿದರು. ಮೊದಲು ಇಪ್ಪತ್ತು ಎಣಿಸುವವರೆಗೆ ಮಾತ್ರ ಕುಡಿಸುವುದು, ಆಮೇಲೆ ಹತ್ತು, ಐದು. ಒಂದು ರಾತ್ರಿ ಕಥೆ ಕೇಳುತ್ತಲೇ ಮಗು ಹಾಲು ಕೇಳುವುದನ್ನು ಮರೆತಿತ್ತು. ಆ ತಾಯಿಗೆ ಮಾತ್ರ ಅದಾದ ಮೇಲೆ ಕೆಲವು ದಿನ ಕಾರಣವಿಲ್ಲದೆ ಅಳು ಬರುತ್ತಿತ್ತು. ಹಾಲು ನಿಲ್ಲುವಾಗ ಮೈಯಲ್ಲಿ ಹಾರ್ಮೋನುಗಳು ಇಳಿಯುತ್ತವೆ, ಕೆಲವರಿಗೆ ಮನಸ್ಸೂ ಕುಗ್ಗುತ್ತದೆ. ಸಾಮಾನ್ಯವಾಗಿ ಕೆಲವು ದಿನಗಳಲ್ಲಿ ಸರಿಹೋಗುತ್ತದೆ. ಎರಡು ವಾರ ದಾಟಿದರೂ ಹಾಗೇ ಇದ್ದರೆ, ಅಥವಾ ನಿದ್ದೆ, ಊಟ ಸೇರದಂತಾದರೆ ವೈದ್ಯರ ಹತ್ತಿರ ಹೋಗಿ. ಕೈಯಿಂದ ಒತ್ತಿದಾಗ ಒಂದೆರಡು ಹನಿ ಹಾಲು ಇನ್ನೂ ಹಲವು ವಾರ ಕಾಣಬಹುದು. ಅದಕ್ಕೆ ಹೆದರಬೇಕಿಲ್ಲ. ನಿಂತಿತಾ ಅಂತ ದಿನವೂ ಒತ್ತಿ ನೋಡಬೇಡಿ, ಒತ್ತಿದಷ್ಟೂ ಅದು ನಿಲ್ಲುವುದು ತಡವಾಗುತ್ತದೆ.