ಪದ ಪರಿಚಯ: ಈಕ್ವಿವಲೆಂಟ್

ಮಂಡ್ಯದಲ್ಲಿ ಬೇರಿಂಗ್ ಅಂಗಡಿಗೆ ಹೋದವರಿಗೆ ಈ ಮಾತು ಗೊತ್ತು. ‘ಆ ಕಂಪ್ನಿದು ಬರ್ತಿಲ್ಲಣ್ಣ, ಈಕ್ವಿವಲೆಂಟ್ ಕೊಡ್ಲಾ?’ ಹಳೆಯದರ ಜಾಗದಲ್ಲಿ ಕೂತು ಅದರ ಕೆಲಸವನ್ನೇ ಮಾಡುವ ಬೇರೆ ಕಂಪನಿಯ ಮಾಲು ಎಂದು ಇದರ ಅರ್ಥ. ಕೂರುವುದು ಬೇರೆ, ಕೆಲಸ ಮಾಡುವುದು ಬೇರೆ. ಅಂಗಡಿಯಲ್ಲಿ ಎಷ್ಟೋ ಸಲ ಕೂರುತ್ತದೆ ಅನ್ನುವಲ್ಲಿಗೇ ಮಾತು ಮುಗಿದುಹೋಗುತ್ತದೆ.

ಶ್ರೀರಂಗಪಟ್ಟಣದ ಹತ್ತಿರ ನಮ್ಮ ಚಿಕ್ಕಪ್ಪನ ಗದ್ದೆಯಲ್ಲಿ ಹಳೇ ಮೋನೋಬ್ಲಾಕ್ ಪಂಪ್ ಇದೆ. ಅದರ ಬೇರಿಂಗ್ ಕಿರುಗುಟ್ಟತೊಡಗಿದಾಗ ಬಿಚ್ಚಿದೆವು. ‘ಕಂಪ್ನಿನೇ ಮುಚ್ಚೋಯ್ತು ಕಣ್ಲಾ, ಇನ್ನೆಲ್ಲಿ ಸಿಕ್ಕದು?’ ಅಂದರು ಚಿಕ್ಕಪ್ಪ. ಪಂಪಿನ ಜೊತೆ ಬಂದಿದ್ದ ಪುಸ್ತಕದಲ್ಲಿ ಉದ್ದದ ಪಾರ್ಟ್ ನಂಬರೇನೋ ಇತ್ತು. ಆದರೆ ಅದು ಆ ಕಂಪನಿ ತನ್ನ ಗೋದಾಮಿಗಾಗಿ ಇಟ್ಟುಕೊಂಡ ಲೆಕ್ಕ, ಹೊರಗೆ ಯಾರಿಗೂ ಅರ್ಥವಾಗದು. ಪಂಪ್ ಕಂಪನಿಗಳು ಸಾಮಾನ್ಯವಾಗಿ ಬೇರಿಂಗನ್ನು ಹೊರಗಿನಿಂದ ಕೊಂಡು ಹಾಕುತ್ತವೆ. ಹಾಗಾಗಿ ಹುಡುಕಬೇಕಾದ ನಂಬರು ಬೇರಿಂಗಿನ ಮೈಮೇಲೇ ಇರುತ್ತದೆ. ನಮ್ಮದರಲ್ಲಿ ತುಕ್ಕು ಹಿಡಿದು ಅದೂ ಅಳಿಸಿಹೋಗಿತ್ತು.

ಸೀಮೆಎಣ್ಣೆಯಲ್ಲಿ ತೊಳೆದು, ಒರೆಸಿ, ವರ್ನಿಯರ್ ಹಿಡಿದೆ. ಒಳಗಿನ ತೂತು 25 ಮಿಲಿಮೀಟರ್, ಹೊರಗಿನ ಅಳತೆ 52, ದಪ್ಪ 15. ಈ ಮೂರೂ ಬೇಕು. ತೂತನ್ನೊಂದೇ ಅಳೆದು ‘ಇಪ್ಪತ್ತೈದರದ್ದು ಕೊಡಿ’ ಅಂದರೆ ಅಂಗಡಿಯವರ ಮುಂದೆ ಕಡಿಮೆಯೆಂದರೂ ಮೂರು ಬೇರಿಂಗ್ ಇರುತ್ತವೆ: 6005, 6205, 6305. ಮೂರಕ್ಕೂ ತೂತು 25. ಹೊರಗಿನ ಅಳತೆ ಮಾತ್ರ ಕ್ರಮವಾಗಿ 47, 52, 62. ನಮ್ಮದು 6205 ಎಂದು ಹೀಗೆ ಗೊತ್ತಾಯಿತು. ನಂಬರಿನ ಕೊನೆಯ ಎರಡು ಅಂಕಿಯನ್ನು ಐದರಿಂದ ಗುಣಿಸಿದರೆ ತೂತಿನ ಅಳತೆ ಬರುತ್ತದೆ, 05 ಅಂದರೆ 25. ಈ ಲೆಕ್ಕ ನಡೆಯುವುದು 04ರಿಂದ ಮೇಲಕ್ಕೆ. 03 ಅಂದರೆ 17, 02 ಅಂದರೆ 15, ಅವನ್ನು ನೆನಪಿಟ್ಟುಕೊಳ್ಳಬೇಕು. ಯಾವ ದೇಶದ ಯಾವ ಕಂಪನಿ ಮಾಡಿದರೂ 6205ರ ಅಳತೆ ಇದೇ. ಹಳೇ ಯಂತ್ರಗಳಲ್ಲಿ ತೂತು 25.4 ಬಂದರೆ ಮಾತ್ರ ಅದು ಒಂದು ಇಂಚಿನ ಬೇರಿಂಗ್. ಆ ಶಾಫ್ಟಿಗೆ 6205 ಹತ್ತುವುದಿಲ್ಲ, ಹೊಡೆದು ಕೂರಿಸಲು ಹೋಗಬಾರದು.

ಇಲ್ಲಿಗೆ ‘ಕೂರುವ’ ಮಾತು ಮುಗಿಯಿತು. ನಮ್ಮ ಪಂಪಿನ ತೊಂದರೆ ಇದ್ದದ್ದು ಇದರಾಚೆ. ಬಿಚ್ಚಿದ ಬೇರಿಂಗ್ ಅಳತೆಯಲ್ಲಿ ಸರಿಯಾಗಿಯೇ ಇತ್ತು, ಆದರೆ ಅದರ ಎರಡು ಮಗ್ಗುಲಿಗೂ ಇದ್ದದ್ದು ತಗಡಿನ ಮುಚ್ಚಳ. ತಗಡು ಒಳಗಿನ ರಿಂಗಿಗೆ ತಾಗುವುದಿಲ್ಲ, ಕೂದಲೆಳೆಯಷ್ಟು ಸಂದು ಇದ್ದೇ ಇರುತ್ತದೆ. ಶಾಫ್ಟಿನ ಸುತ್ತ ನೀರು ತಡೆಯುವ ಗ್ಲ್ಯಾಂಡಿನಿಂದ ಜಿನುಗಿದ ನೀರು ಆ ಸಂದಿನಲ್ಲಿ ನುಗ್ಗಿ, ಗ್ರೀಸು ಹಾಲಿನ ಕೆನೆಯ ಹಾಗೆ ಬೆಳ್ಳಗಾಗಿತ್ತು. ನೀರು ಸೇರಿದೆ ಅನ್ನುವುದಕ್ಕೆ ಆ ಬಿಳುಪೇ ಗುರುತು. ಇಂಥಲ್ಲಿಗೆ ಬೇಕಾದದ್ದು ರಿಂಗಿಗೆ ತಾಗಿಕೊಂಡೇ ಇರುವ ರಬ್ಬರ್ ಸೀಲು.

ಅದನ್ನು ಹೇಳುವುದು ನಂಬರಿನ ಬಾಲದಲ್ಲಿರುವ ಅಕ್ಷರಗಳು. ಅಳತೆಯ ನಂಬರು ಎಲ್ಲರದೂ ಒಂದೇ ಆದರೂ ಈ ಬಾಲ ಕಂಪನಿಯಿಂದ ಕಂಪನಿಗೆ ಬದಲಾಗುತ್ತದೆ. ತಗಡಿಗೆ `ZZ` ಅಥವಾ `2Z`. ತಾಗುವ ರಬ್ಬರಿಗೆ ಬಹಳ ಜನ `2RS` ಅನ್ನುತ್ತಾರೆ, ಎನ್‌ಎಸ್‌ಕೆಯವರು `DDU`, ಎನ್‌ಟಿಎನ್‌ನವರು `LLU` ಎಂದು ಬರೆಯುತ್ತಾರೆ. ಅಕ್ಷರ ಬೇರೆಯಾದರೂ ಇವು ಒಂದಕ್ಕೊಂದು ಈಕ್ವಿವಲೆಂಟ್. `6205ZZ` ಮತ್ತು `6205DDU` ನೋಡಲು ಅಣ್ಣತಮ್ಮಂದಿರಂತಿದ್ದರೂ ಈಕ್ವಿವಲೆಂಟ್ ಅಲ್ಲ. ಬಾಲದಲ್ಲಿ `C3` ಇದ್ದರೆ ಗುಂಡುಗಳ ಓಡಾಟಕ್ಕೆ ಒಳಗೆ ಸ್ವಲ್ಪ ಹೆಚ್ಚು ಜಾಗ ಬಿಟ್ಟಿದ್ದಾರೆ ಎಂದರ್ಥ. ಮೋಟರು ಬಿಸಿಯಾದಾಗ ಒಳರಿಂಗು ಹಿಗ್ಗುತ್ತದೆ, ಅದಕ್ಕೇ ಮೋಟರುಗಳಲ್ಲಿ ಇದು ಹೆಚ್ಚು. ಹಳೆಯದರಲ್ಲಿ `C3` ಇದ್ದರೆ ಹೊಸದರಲ್ಲೂ ಕೇಳಿ ತೆಗೆದುಕೊಳ್ಳಿ.

ಹೊಸದನ್ನು ಏರಿಸುವಾಗ ಶಾಫ್ಟೂ ಒಂದು ಮಾತು ಹೇಳುತ್ತದೆ. ಒಳರಿಂಗಿನ ಮೇಲೆ ಪೈಪಿನ ತುಂಡಿಟ್ಟು ಮೆಲ್ಲಗೆ ತಟ್ಟಿದರೆ ಬಿಗಿಯಾಗಿ ಇಳಿಯಬೇಕು. ಬೆರಳಲ್ಲಿ ತಳ್ಳಿದರೇ ಜಾರಿ ಕೂತರೆ ಶಾಫ್ಟು ಸವೆದಿದೆ. ಆಗ ಅಲ್ಲಿ ವೆಲ್ಡ್ ತುಂಬಿಸಿ ಲೇತಿನಲ್ಲಿ ಅಳತೆಗೆ ತರಿಸಬೇಕು, ಯಾವ ಈಕ್ವಿವಲೆಂಟೂ ಅಲ್ಲಿ ನಿಲ್ಲದು.

ಪಂಪಿನೊಳಗೆ ತಿರುಗಿ ನೀರು ತಳ್ಳುವ ಇಂಪೆಲ್ಲರಿಗೆ ಈ ಪದ ಹೊಂದುವುದೇ ಅಪರೂಪ. ಅದಕ್ಕೆ ಎಲ್ಲರೂ ಒಪ್ಪಿದ ನಂಬರಿಲ್ಲ. ವ್ಯಾಸ ಸರಿಹೋದರೆ ಶಾಫ್ಟಿನ ಕೀಲಿ ಕೂರುವ ಸೀಳು ಹೊಂದದು, ಅದೂ ಹೊಂದಿದರೆ ರೆಕ್ಕೆಯ ಅಗಲ ಬೇರೆ ಇರುತ್ತದೆ. ಕೊನೆಗೆ ಹಳೆಯದನ್ನೇ ಮಾದರಿ ಕೊಟ್ಟು ಎರಕ ಹೊಯ್ಯಿಸುವುದು ಉಳಿದ ದಾರಿ. ಆಗಲೂ ಎರಕದವರಿಗೆ ಒಂದು ಮಾತು ಹೇಳಿ: ಬೀಡು ಆರುವಾಗ ನೂರಕ್ಕೆ ಸುಮಾರು ಒಂದು ಭಾಗ ಕುಗ್ಗುತ್ತದೆ. ಸವೆದ ಇಂಪೆಲ್ಲರನ್ನು ಹಾಗೇ ಅಚ್ಚೊತ್ತಿದರೆ ಹೊಸದು ಹಳೆಯದಕ್ಕಿಂತ ಚಿಕ್ಕದಾಗಿ ಬರುತ್ತದೆ, ಲೇತಿನಲ್ಲಿ ಕೆತ್ತಲೂ ಮೈ ಉಳಿಯುವುದಿಲ್ಲ.